ಬಿಸಿ ಹಲ್ಲು, ಬೆಕ್ಕು

ಟಿವಿಯಲ್ಲಿ ಕನ್ನಡವೆಂದು ಊಹಿಸಿಕೊಳ್ಳಬೇಕಾದ ಜಾಹೀರಾತುಗಳನ್ನು ನೀವೆಲ್ಲ ಕೇಳಿದ್ದೀರಿ. ಆ ಕನ್ನಡ ಹೇಗೆ ಬೇಯುತ್ತದೆ ಎಂಬುದನ್ನು ಮೊನ್ನೆ ಇಂದಿರಾನಗರದ ಸ್ಟುಡಿಯೊ ಒಂದರಲ್ಲಿ ಕುಳಿತು ನೋಡಿದೆ. ಹಾಲಿನ ಜಾಹೀರಾತು, ಪುಣೆಯ ನಟಿ, ಒಂದೇ ಮಾತು: ‘ಮಳೆ ಬಂತು, ಬಿಸಿ ಹಾಲು ಬೇಕು.’ ಆಕೆಯ ಕೈಯಲ್ಲಿದ್ದ ಹಾಳೆಯಲ್ಲಿ ಮಾತ್ರ Male bantu, bisi halu beku.

ಆಕೆ ‘ಮೇಲ್ ಬಂತು’ ಎಂದರು. ಮಳೆಯ ಬದಲು ಗಂಡಸೊಬ್ಬ ಬಂದ. ಇಂಗ್ಲಿಷ್ ಕಲಿತವರು ಅದನ್ನು ಇನ್ನು ಹೇಗೆ ಓದಬೇಕು? halu ಎಂಬುದು ‘ಹಲು’ ಆಯಿತು. ಸಹಾಯಕ ನಿರ್ದೇಶಕರು ಗಂಭೀರವಾಗಿ ಪೆನ್ನು ತೆಗೆದು ಒಂದು l ಸೇರಿಸಿದರು, beku ಪದಕ್ಕೊಂದು k ದಾನ ಮಾಡಿದರು. ಎಳೆಯಬೇಕಾದದ್ದು ಸ್ವರ, ಇವರು ದಪ್ಪ ಮಾಡಿದ್ದು ವ್ಯಂಜನ. ಫಲ: ‘ಬಿಸಿ ಹಲ್ಲು ಬೆಕ್ಕು.’ ದಂತವೈದ್ಯರಿಗೂ ಪಶುವೈದ್ಯರಿಗೂ ಒಟ್ಟಿಗೆ ಮಾರಬಹುದಾದ ಮಾತು.

ಒಂದು a ಹೆಚ್ಚಿಸಿ haalu ಎಂದಾಗ ಹಾಲು ಸಿಕ್ಕಿತು. ಅದೇ ಉಪಾಯದಲ್ಲಿ beeku ಎಂದು ಬರೆದರೆ ‘ಬೀಕು’! a ಎರಡಾದರೆ ‘ಆ’, e ಎರಡಾದರೆ ‘ಈ’. ಇದು ಇಂಗ್ಲಿಷಿನ ನ್ಯಾಯ. ಕೊನೆಗೆ ಧ್ವನಿಮುದ್ರಕರು bayku ಎಂದು ಬರೆದು ಬೇಕನ್ನು ಉಳಿಸಿದರು.

ಉಳಿದದ್ದು ಮಳೆ. maley ಎಂದರೆ ‘ಮಲೇ’. ಯಾರೋ ಪಂಡಿತರು ‘ಳ’ಕಾರಕ್ಕೆ ದೊಡ್ಡ L ಎಂಬ ಪದ್ಧತಿ ಇದೆ ಎಂದರು. ಇದೆ, ಆದರೆ ಬಲ್ಲವರಿಗೆ ಮಾತ್ರ. maLe ನೋಡಿದ ಆಕೆ ದೊಡ್ಡ ಅಕ್ಷರ ಬಂದ ಕಡೆ ಕಿರುಚಿದರು. ನಾಲಿಗೆಯನ್ನು ಹಿಂದಕ್ಕೆ ಮಡಚು ಎಂದು ಇಪ್ಪತ್ತಾರು ಅಕ್ಷರಗಳಲ್ಲಿ ಯಾವುದೂ ಹೇಳುವುದಿಲ್ಲ.

ಚಹಾ ಕೊಡಲು ಬಂದ ಹುಡುಗ ಕೇಳಿದ: ‘ಮೇಡಂ ಮರಾಠಿಯವರಲ್ಲವೇ? ಹಣ್ಣಿಗೆ ಫಳ ಎನ್ನುತ್ತಾರಲ್ಲ, ಅದೇ ಳ.’ ಮಾತು ಮುಗಿಯುವುದರೊಳಗೆ ಆಕೆ ‘ಮಳೆ’ ಎಂದರು, ನಮ್ಮ ಎಷ್ಟೋ ನಿರೂಪಕರಿಗಿಂತ ಶುದ್ಧವಾಗಿ. ಆಕೆ ದಿನವೂ ಓದುವ ದೇವನಾಗರಿಯಲ್ಲಿ ळ ಇದೆ, ಣ ಇದೆ, ಟ–ತ ಬೇರೆಬೇರೆ ಇವೆ. ಹ್ರಸ್ವ ಎ, ಒ ಎರಡನ್ನು ಬಾಯಲ್ಲಿ ಹೇಳಿಕೊಟ್ಟಿದ್ದರೆ ಸಾಕಿತ್ತು. ಮರಾಠಿ ನಾಲಿಗೆಗೂ ಕನ್ನಡ ಮಾತಿಗೂ ನಡುವೆ ಲಂಡನ್ನಿನ ಮಧ್ಯವರ್ತಿಯನ್ನು ಕೂರಿಸಿದವರು ನಾವು.

ಅಂಗಡಿಯ ಫಲಕದಲ್ಲಿ ಶೇ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು. ಕನ್ನಡದ ಮಾತು ಬರೆದ ಹಾಳೆಯಲ್ಲಿ ಶೇಕಡಾ ಸೊನ್ನೆ. ಬರೆದವರೇನು ಹೊರಗಿನವರೇ? ಬಸವನಗುಡಿಯವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ಕೀಲಿಮಣೆ ಬದಲಿಸಲು ಸೋಮಾರಿತನ, ಅಷ್ಟೇ. ಸಾಕಾಗಿದೆ.

ಮರುದಿನ ಅಜ್ಜನ ಪಾತ್ರಕ್ಕೆ ಮೈಸೂರಿನ ಹಿರಿಯ ನಟರೊಬ್ಬರು ಬರುವವರಿದ್ದರು. ಅವರ ಹಾಳೆಯೂ ಮೇಜಿನ ಮೇಲೆ ಸಿದ್ಧವಾಗಿತ್ತು: Halu kudi, maga.