ಸತ್ಯಾಂಶ: ಉದ್ದ ಸ್ಟಡ್ ಮತ್ತು ಮಂಡಿ

ಫುಟ್‌ಬಾಲ್ ಬೂಟಿನ ತಳದಿಂದ ಮೊಳೆಯಂತೆ ಚಾಚಿರುವ ಸ್ಟಡ್‌ಗಳ ಬಗ್ಗೆ ಕೇಳಿಬರುವ ಮಾತಿದು: “ಸ್ಟಡ್ ಉದ್ದವಿದ್ದಷ್ಟೂ ಹಿಡಿತ ಹೆಚ್ಚು, ಮಂಡಿಗೆ ಪೆಟ್ಟಾಗುವುದಿಲ್ಲ. ಟರ್ಫ್‌ಗೂ ಇದೇ ಬೂಟು ಹಾಕಿ.”

ಹಿಡಿತದ ಮಾತು ಕೆಸರು ನೆಲದ ಮಟ್ಟಿಗೆ ನಿಜ. ಮಂಡಿಯ ಮಾತು ತಪ್ಪು. ತುಮಕೂರಿನ ಹುಡುಗನೊಬ್ಬ ಕೃತಕ ಹುಲ್ಲಿನ ಬಾಡಿಗೆ ಟರ್ಫ್‌ನಲ್ಲಿ ಓಡುತ್ತಾ ಥಟ್ಟನೆ ತಿರುಗಿದ ಎನ್ನಿ. ಉದ್ದ ಸ್ಟಡ್ ಪ್ಲಾಸ್ಟಿಕ್ ಎಳೆಗಳಲ್ಲಿ ಸಿಕ್ಕಿ ಪಾದ ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ಆಗ ಮಂಡಿಯೊಳಗಿನ ಎಸಿಎಲ್ ಅಸ್ಥಿರಜ್ಜು ಹರಿಯಬಹುದು. ‘ಟಪ್’ ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಎಣ್ಣೆ ಹಚ್ಚಿ ತಿಕ್ಕುವ ಕೆಲಸವಲ್ಲ. ಟರ್ಫ್‌ಗೆ ಗಿಡ್ಡ, ಹೆಚ್ಚು ಸಂಖ್ಯೆಯ ಸ್ಟಡ್‌ಗಳಿರುವ ಎಜಿ ಬೂಟು ಸರಿ. ಎಳೆ ಸವೆದು ತೆಳುವಾಗಿದ್ದರೆ ಸಣ್ಣ ರಬ್ಬರ್ ಗುಬುಟುಗಳ ಟಿಎಫ್ ಸಾಕು.

ಬೇಸಿಗೆಯ ಕೋಲಾರದ ಕೆಂಪು ನೆಲದಲ್ಲಿ ತೊಂದರೆ ಬೇರೆ. ಸ್ಟಡ್ ಇಳಿಯದೆ ಭಾರವೆಲ್ಲ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ; ಹಿಮ್ಮಡಿ ನೋಯುತ್ತದೆ, ಕಣಕಾಲು ಉಳುಕುತ್ತದೆ. ಹುಲ್ಲಿದ್ದರೆ ಗಟ್ಟಿ ಹುಲ್ಲುನೆಲಕ್ಕೆಂದು ಮಾಡಿದ ಎಫ್‌ಜಿ ಬೂಟು ಹಾಕಬಹುದು, ಬರೀ ಗಟ್ಟಿ ಮಣ್ಣಾದರೆ ಟಿಎಫ್ ವಾಸಿ. ಲೋಹದ ಸ್ಟಡ್‌ನ ಎಸ್‌ಜಿ ಮಳೆಗಾಲದ ಮೆತ್ತನೆಯ ಮೈದಾನಕ್ಕೆ ಮಾತ್ರ. ಹುಲ್ಲಿನ ನೆಲದಲ್ಲಿ ಅನುಮಾನವಿದ್ದರೆ ಒಂದೇ ಕಾಲಲ್ಲಿ ನಿಂತು ನೋಡಿ: ಸ್ಟಡ್ ನೆಲದಲ್ಲಿ ಪೂರ್ತಿ ಇಳಿಯದಿದ್ದರೆ ಅದು ಆ ನೆಲಕ್ಕೆ ಉದ್ದವಾಯಿತು.