ಕಟ್ಟಡ ಅಡ್ಡ ಬಂತು, ಹುಡುಗಿಯನ್ನು ತೆಗೆದೆವು

ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಕೆಲವು ವರ್ಷ ಫೋಟೋಗಳಿಗೆ ಕ್ಯಾಪ್ಷನ್ ಬರೆಯುತ್ತಿದ್ದೆ. ವಾರಕ್ಕೊಮ್ಮೆಯಾದರೂ ಆಸ್ಪತ್ರೆಯಲ್ಲಿ ಹಣ್ಣು ಹಂಚಿದ ಫೋಟೋ ಬರುತ್ತಿತ್ತು. ಒಂದು ಬಾಳೆಹಣ್ಣು, ಅದನ್ನು ಹಿಡಿದ ಹನ್ನೊಂದು ಕೈ. ಮೂಲೆಯಲ್ಲಿ ಮಂಚ, ಮಂಚದ ಮೇಲೆ ರೋಗಿ. ಪುಟದಲ್ಲಿ ಜಾಗ ಎರಡೇ ಕಾಲಂ. ಹನ್ನೊಂದು ಜನರಲ್ಲಿ ಯಾರನ್ನು ಕತ್ತರಿಸಿದರೂ ಬೆಳಗ್ಗೆ ಫೋನ್ ಬರುತ್ತದೆ. ಫೋನ್ ಮಾಡದವರು ಒಬ್ಬರೇ. ಹಾಗಾಗಿ ರೋಗಿಯನ್ನೇ ಕತ್ತರಿಸುತ್ತಿದ್ದೆವು. ಕೆಳಗೆ ನಾನು ಬರೆಯುತ್ತಿದ್ದೆ: ‘ರೋಗಿಗಳಿಗೆ ಹಣ್ಣು ವಿತರಿಸಲಾಯಿತು. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ ಮತ್ತಿತರರು ಇದ್ದರು.’

ಇದು ಸಣ್ಣ ಊರಿನ ದೊಡ್ಡವರ ಚಾಳಿ ಅಂದುಕೊಂಡಿದ್ದೆ. ಆಮೇಲೆ ದಾವೋಸ್‌ನ ಫೋಟೋ ನೋಡಿದೆ.

2020ರ ಜನವರಿ 24, ಶುಕ್ರವಾರ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಲೋಕದ ಸಿರಿವಂತರೆಲ್ಲ ಸೇರಿದ್ದರು. ಹವಾಮಾನದ ಬಗ್ಗೆ ಮಾತಾಡಲು ಐವರು ಯುವತಿಯರೂ ಬಂದಿದ್ದರು. ಸ್ವೀಡನ್ನಿನ ಗ್ರೇಟಾ ಥನ್‌ಬರ್ಗ್ ಮತ್ತು ಇಸಬೆಲ್ ಆಕ್ಸೆಲ್ಸನ್, ಜರ್ಮನಿಯ ಲೂಯಿಸಾ ನೊಯ್‌ಬಾವರ್, ಸ್ವಿಟ್ಜರ್ಲೆಂಡಿನವರೇ ಆದ ಲೂಕಿನಾ ಟಿಲೆ, ಉಗಾಂಡಾದ ವನೆಸ್ಸಾ ನಕಾಟೆ. ಐವರೂ ಸಾಲಾಗಿ ನಿಂತರು. ವನೆಸ್ಸಾ ಎಡತುದಿಯಲ್ಲಿದ್ದರು. ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ ಸುದ್ದಿಸಂಸ್ಥೆಯ ಛಾಯಾಗ್ರಾಹಕ ಕ್ಲಿಕ್ಕಿಸಿದರು. ಫೋಟೋ ಲೋಕಕ್ಕೆಲ್ಲ ಹೋಯಿತು. ಅದರಲ್ಲಿ ನಾಲ್ವರಿದ್ದರು. ನಾಲ್ವರೂ ಯುರೋಪಿನ ಬಿಳಿಯರು.

ಯಾಕಪ್ಪಾ ಹೀಗೆ ಅಂತ ಕೇಳಿದ್ದಕ್ಕೆ ಎಪಿ ಕೊಟ್ಟ ಕಾರಣ ನೋಡಿ. ಫೋಟೋ ಬೇಗ ಕಳಿಸಬೇಕಿತ್ತು. ವನೆಸ್ಸಾ ಹಿಂದೆ ಒಂದು ಕಟ್ಟಡ ಕಾಣುತ್ತಿತ್ತು, ಅದು ಕಣ್ಣಿಗೆ ಅಡ್ಡ ಬರುತ್ತಿತ್ತು, ಅದಕ್ಕೇ ಕ್ರಾಪ್ ಮಾಡಿದರು. ಬೇರೆ ಉದ್ದೇಶ ಏನೂ ಇರಲಿಲ್ಲ. ನಾನು ಈ ಮಾತನ್ನು ಪೂರ್ತಿ ನಂಬುತ್ತೇನೆ. ರೋಗಿಯ ಮೇಲೆ ನಮಗೂ ದ್ವೇಷ ಇರಲಿಲ್ಲ. ಮಂಚ ಅಡ್ಡ ಬರುತ್ತಿತ್ತು, ಅಷ್ಟೇ.

ಆದರೆ ಒಂದು ಲೆಕ್ಕ ನನಗೆ ಹತ್ತಲಿಲ್ಲ. ಕಟ್ಟಡ ತಾನೇ ತೊಂದರೆ? ಕಟ್ಟಡವನ್ನೇ ಅಳಿಸಿ ಹುಡುಗಿಯನ್ನು ಉಳಿಸಬಹುದಿತ್ತಲ್ಲ?

ಖಂಡಿತ ಆಗದು! ಅದು ನಿಯಮಕ್ಕೆ ವಿರುದ್ಧ. ಫೋಟೋದ ಒಳಗಿಂದ ಏನನ್ನಾದರೂ ಅಳಿಸುವುದು ಎಪಿಯಲ್ಲಿ ಮಹಾಪರಾಧ. ಸಿರಿಯಾದಲ್ಲಿ ಕೆಲಸ ಮಾಡುತ್ತಿದ್ದ ನಾರ್ಸಿಸೊ ಕಾಂಟ್ರೆರಾಸ್ ಎಂಬ ಛಾಯಾಗ್ರಾಹಕನನ್ನು ಕೇಳಿ. ಆತ ಪುಲಿಟ್ಜರ್ ಪ್ರಶಸ್ತಿ ಪಡೆದ ತಂಡದಲ್ಲಿದ್ದವನು. 2013ರಲ್ಲಿ ಒಬ್ಬ ಬಂಡುಕೋರನ ಫೋಟೋ ತೆಗೆದ. ಕೆಳಗಿನ ಎಡಮೂಲೆಯಲ್ಲಿ ಜೊತೆಗಾರನ ವಿಡಿಯೋ ಕ್ಯಾಮೆರಾ ನೆಲದ ಮೇಲಿತ್ತು. ಅದು ಕಣ್ಣಿಗೆ ಅಡ್ಡ ಬಂತು ಅಂತ ಅಕ್ಕಪಕ್ಕದ ಮಣ್ಣಿನಿಂದಲೇ ಅದನ್ನು ಮುಚ್ಚಿ ಅಳಿಸಿದ. 2014ರ ಜನವರಿಯಲ್ಲಿ ಎಪಿ ಅವನ ಸಂಬಂಧವನ್ನೇ ಕಡಿದುಕೊಂಡಿತು. ಅವನ ಫೋಟೋಗಳನ್ನೆಲ್ಲ ಸಾರ್ವಜನಿಕ ಸಂಗ್ರಹದಿಂದ ತೆಗೆದುಹಾಕಿತು. ನಿಯಮ ಒಳ್ಳೆಯದೇ, ತಕರಾರಿಲ್ಲ. ಒಂದು ಸಲ ಅಳಿಸಿದವನು ಇನ್ನೆಲ್ಲಿ ಅಳಿಸಿದ್ದಾನೋ ಯಾರಿಗೆ ಗೊತ್ತು?

ಅದೇ ನಿಯಮಾವಳಿಯಲ್ಲಿ ಸಣ್ಣಪುಟ್ಟ ತಿದ್ದುಪಡಿಗೆ ಒಪ್ಪಿಗೆ ಇದೆ. ಅಂಥ ತಿದ್ದುಪಡಿಗಳ ಪಟ್ಟಿಯಲ್ಲಿ ಕ್ರಾಪ್ ಕೂಡ ಸೇರಿದೆ. ಅಂದರೆ ಲೆಕ್ಕ ಹೀಗಾಯಿತು. ನೆಲದ ಮೇಲಿದ್ದ ಕ್ಯಾಮೆರಾ ಅಳಿಸಿದರೆ ಕೆಲಸ ಹೋಗುತ್ತದೆ. ಉಗಾಂಡಾದ ಹುಡುಗಿಯನ್ನು ಕಟ್ಟಡದ ಸಮೇತ ಕತ್ತರಿಸಿದರೆ ಅದು ಸಣ್ಣಪುಟ್ಟ ತಿದ್ದುಪಡಿ. ಚೌಕಟ್ಟಿನ ನಡುವೆ ಕೈಯಾಡಿಸಿದರೆ ಕಳ್ಳತನ, ಅಂಚಿನಲ್ಲಿ ಆಡಿಸಿದರೆ ಅಂದ ಹೆಚ್ಚಿಸುವ ಕೆಲಸ!

ಕ್ರಾಪ್ ಇಷ್ಟು ಸಾಧುವಾಗಿ ಕಾಣುವುದಕ್ಕೂ ಕಾರಣ ಇದೆ. ಉಳಿದದ್ದೆಲ್ಲ ನಿಜ. ಆ ನಾಲ್ವರು ನಿಜ, ಹಿಮ ನಿಜ, ಚಳಿಯೂ ನಿಜ. ತಜ್ಞರು ಭೂತಗನ್ನಡಿ ಹಿಡಿದರೂ ಒಂದು ಸುಳ್ಳು ಚುಕ್ಕಿ ಸಿಗುವುದಿಲ್ಲ. ಆದರೆ ಒಟ್ಟು ಫೋಟೋ ಹೇಳುವುದು ಬೇರೆ. ಭೂಮಿ ಬಿಸಿಯಾದರೆ ತಲೆಬಿಸಿ ಯುರೋಪಿನ ಮಕ್ಕಳಿಗೆ ಮಾತ್ರ ಅಂತ ಅದು ಹೇಳುತ್ತದೆ. ಈ ವಾಕ್ಯವನ್ನು ಯಾರೂ ಬರೆದಿಲ್ಲ. ಕತ್ತರಿ ಬರೆದದ್ದು. ‘ನೀವು ಅಳಿಸಿದ್ದು ಬರೀ ಫೋಟೋ ಅಲ್ಲ, ಒಂದು ಖಂಡವನ್ನೇ’ ಅಂತ ವನೆಸ್ಸಾ ಟ್ವಿಟರ್‌ನಲ್ಲಿ ಹಾಕಿದ್ದು ಇದಕ್ಕೇ.

ಸುದ್ದಿಸಂಸ್ಥೆಯ ಕತ್ತರಿಗೆ ಇನ್ನೊಂದು ಗುಣ ಉಂಟು. ನಮ್ಮ ಪತ್ರಿಕೆ ರೋಗಿಯನ್ನು ಕತ್ತರಿಸಿದರೆ ಪಕ್ಕದ ಪತ್ರಿಕೆಯಲ್ಲಿ ಆತ ಉಳಿದಿರಬಹುದು. ಸಂಸ್ಥೆಯೇ ಕತ್ತರಿಸಿ ಕಳಿಸಿದರೆ ಅದನ್ನು ಕೊಂಡ ಪತ್ರಿಕೆಗಳಿಗೆಲ್ಲ ಬರುವುದು ನಾಲ್ವರೇ. ಐದನೆಯವರು ಇದ್ದರು ಅಂತ ಉಪಸಂಪಾದಕನಿಗೆ ಗೊತ್ತಾಗಬೇಕಾದರೆ ಕ್ಯಾಪ್ಷನ್ ಹೇಳಬೇಕು.

ಇಲ್ಲಿ ಕ್ಯಾಪ್ಷನ್ ಕೆಲಸಕ್ಕೆ ಬರುತ್ತಿತ್ತು. ಕತ್ತರಿಸುವ ಮೊದಲೇ, ಪೂರ್ತಿ ಫೋಟೋ ಎದುರಿಗಿಟ್ಟುಕೊಂಡು ‘ಎಡದಿಂದ’ ಅಂತ ಶುರು ಮಾಡಿದ್ದರೆ ಮೊದಲ ಹೆಸರೇ ವನೆಸ್ಸಾ. ಆಮೇಲೆ ಕತ್ತರಿಸಿದರೆ ತಲೆ ನಾಲ್ಕು, ಹೆಸರು ಐದು. ಯಾರಾದರೂ ಕೇಳಿಯೇ ಕೇಳುತ್ತಾರೆ. ಹೋಗಲಿ, ಕತ್ತರಿಸಿದ್ದಕ್ಕೆ ಪ್ರಾಮಾಣಿಕ ಕ್ಯಾಪ್ಷನ್ ಬರೆಯೋಣ ಅಂದುಕೊಳ್ಳಿ: ‘ಎಡಕ್ಕೆ ಉಗಾಂಡಾದವರೊಬ್ಬರಿದ್ದರು, ಹಿಂದೆ ಕಟ್ಟಡ ಇದ್ದದ್ದರಿಂದ ತೆಗೆದಿದ್ದೇವೆ.’ ಇಷ್ಟು ಬರೆಯುವಷ್ಟರಲ್ಲಿ ಬೆರಳು ತಾನಾಗಿ ನಿಲ್ಲುತ್ತದೆ, ಅಲ್ವಾ? ಕತ್ತರಿಗೆ ಆ ನಾಚಿಕೆ ಇಲ್ಲ.

ಹಾಗಂತ ಕ್ಯಾಪ್ಷನ್ನೇನೂ ಸಾಚಾ ಅಲ್ಲ. ಅದೇ ದಾವೋಸ್‌ನಲ್ಲಿ ಇನ್ನೊಂದು ಸುದ್ದಿಸಂಸ್ಥೆ ವನೆಸ್ಸಾರನ್ನು ಫೋಟೋದಲ್ಲಿ ಉಳಿಸಿಕೊಂಡಿತು. ಪಾಪ, ಕೆಳಗೆ ಜಾಂಬಿಯಾದ ನತಾಶಾ ಮ್ವಾನ್ಸಾ ಅಂತ ಬರೆಯಿತು. ಉಗಾಂಡಾಕ್ಕೂ ಜಾಂಬಿಯಾಕ್ಕೂ ನಡುವೆ ಇಡೀ ತಾಂಜಾನಿಯಾ ಇದೆ. ಒಬ್ಬರು ಮುಖ ತೆಗೆದರು, ಇನ್ನೊಬ್ಬರು ಹೆಸರು ತೆಗೆದರು. ಎರಡೂ ಕಡೆ ಉಳಿದವರು ‘ಮತ್ತಿತರರು’.

ಎಪಿ ಆಮೇಲೆ ಪೂರ್ತಿ ಫೋಟೋ ಹಾಕಿತು, ಸಂಪಾದಕಿ ಕ್ಷಮೆ ಕೇಳಿದರು. ಆದರೂ ವನೆಸ್ಸಾಗೆ ಉಪದೇಶ ಹೇಳಿದವರು ಇದ್ದರು: ನೀನು ನಡುವೆ ನಿಲ್ಲಬೇಕಿತ್ತಮ್ಮಾ! ಇದು ನಮ್ಮೂರಿನ ಅಧ್ಯಕ್ಷರಿಗೆ ಹುಟ್ಟಿನಿಂದಲೇ ಗೊತ್ತಿರುವ ವಿದ್ಯೆ.

ಓದುಗರಿಗೆ ಇದೆಲ್ಲ ಗೊತ್ತಾಗುತ್ತದಾ ಅಂದರೆ, ಸ್ವಲ್ಪ ಆಗುತ್ತದೆ. ಸುದ್ದಿ ಛಾಯಾಗ್ರಾಹಕರ ಸಾಮಾನ್ಯ ಕ್ಯಾಮೆರಾ ಕೊಡುವ ಚಿತ್ರದ ಅಗಲ, ಎತ್ತರ 3ಕ್ಕೆ 2ರ ಲೆಕ್ಕದಲ್ಲಿರುತ್ತದೆ. 6000ಕ್ಕೆ 4000 ಚುಕ್ಕಿಯ ಚಿತ್ರದಲ್ಲಿ ಎಡಗಡೆಯ ಐದನೇ ಒಂದು ಪಾಲು ಹೋದರೆ ಉಳಿಯುವುದು 4800ಕ್ಕೆ 4000. ಆಕಾರವೇ ಹೆಚ್ಚುಕಡಿಮೆ ಚೌಕ ಆಗುತ್ತದೆ. ಆದರೆ ಜಾಣ ಮೇಲೆ ಕೆಳಗೆ ಸೇರಿಸಿ ಎತ್ತರದಲ್ಲೂ ಐದನೇ ಒಂದು ಪಾಲು ಕತ್ತರಿಸಿ ಅಳತೆ ಸರಿ ಮಾಡಿಬಿಡುತ್ತಾನೆ. ಆಗ ಅಂಚು ನೋಡಿ. ಭುಜದ ಮೇಲೆ ಯಾರದೋ ಕೈ, ಕೈಗೆ ಒಡೆಯನಿಲ್ಲ. ಎಲ್ಲರ ಕಣ್ಣೂ ಒಂದೇ ಕಡೆಗೆ, ಅಲ್ಲಿ ಏನೂ ಇಲ್ಲ. ಗೂಗಲ್‌ನಲ್ಲಿ ಚಿತ್ರ ಹಾಕಿ ಹುಡುಕಿದರೆ ಪೂರ್ತಿ ಫೋಟೋ ಸಿಕ್ಕರೂ ಸಿಗಬಹುದು. ಸುದ್ದಿಸಂಸ್ಥೆಗಳು ಫೋಟೋ ಫೈಲಿನ ಒಳಗೇ ಹೆಸರು, ಊರು, ತಾರೀಕು ತುಂಬಿರುತ್ತವೆ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದೂ ಉದುರಿಹೋಗುತ್ತದೆ. ಉಳಿಯುವುದು ಭಾವನ ಸ್ನೇಹಿತ ಬರೆದ ಕ್ಯಾಪ್ಷನ್: ‘ಎಲ್ಲರೂ ನೋಡಲೇಬೇಕಾದ ಚಿತ್ರ.’

ಒಂದು ದಿನ ಹುಡುಗನೊಬ್ಬ ನಮ್ಮ ಕಚೇರಿಗೆ ಬಂದ. ಕೈಯಲ್ಲಿ ಹಿಂದಿನ ದಿನದ ಪೇಪರ್. ‘ಸಾರ್, ಇದು ನಮ್ಮಪ್ಪನಿಗೆ ಹಣ್ಣು ಕೊಟ್ಟಿದ್ದು. ಅಪ್ಪ ಎಲ್ಲಿ?’ ಅಂದ. ನಾನು ಪೇಪರ್ ತಿರುಗಿಸಿ, ಬಾಳೆಹಣ್ಣು ಹಿಡಿದ ಕೈಗಳನ್ನು ಒಂದೊಂದಾಗಿ ನೋಡಿದೆ. ಕೊನೆಗೆ ಸಿಕ್ಕಿತು. ಬಲತುದಿಯಲ್ಲಿ ಎರಡು ಬೆರಳು, ಸೂಜಿ ಚುಚ್ಚಿದ ಜಾಗದಲ್ಲಿ ಹತ್ತಿ, ಅದರ ಮೇಲೆ ಪ್ಲಾಸ್ಟರ್. ‘ಇಗೋ, ಇದ್ದಾರಲ್ಲ’ ಅಂದೆ. ಅವನು ಅಷ್ಟನ್ನೇ ಕತ್ತರಿಸಿಕೊಳ್ಳುತ್ತೇನೆ ಅಂತ ಕತ್ತರಿ ಕೇಳಿದ.