ಓಟಿ ಬಿಲ್ ಜೊತೆ ಒಂದು ಪುಟದ ಲೆಕ್ಕ ಯಾಕೆ ಬೇಕು

ಕಾರ್ಖಾನೆಗಳಿಗೆ ಜನ ಒದಗಿಸುವ ನಮ್ಮಂಥ ಸಣ್ಣ ಲೇಬರ್ ಕಾಂಟ್ರ್ಯಾಕ್ಟರ್‌ಗಳ ಗೋಳು ಒಂದೇ: ತಿಂಗಳ ಬಿಲ್ ಪಾಸಾಗುತ್ತದೆ, ಹೆಚ್ಚುವರಿ ಗಂಟೆಗಳ ಓಟಿ ಬಿಲ್ ಮಾತ್ರ ಅಕೌಂಟ್ಸ್‌ನಲ್ಲಿ ಕೂತುಬಿಡುತ್ತದೆ. ಅಕೌಂಟ್ಸ್‌ನವರನ್ನು ಬೈಯುವುದು ಸುಲಭ. ಆದರೆ "ಓಟಿ ಚಾರ್ಜ್ ₹8,900" ಅಂತ ಒಂದೇ ಸಾಲು ಬರೆದು, ಹಿಂದೆ ನಾಲ್ಕು ಟೈಮ್‌ಶೀಟ್ ಪಿನ್ ಮಾಡಿದರೆ ಅವರು ಏನು ನೋಡಿ ಸಹಿ ಹಾಕಬೇಕು ಹೇಳಿ. ಗಂಟೆಯಿಂದ ಮೊತ್ತಕ್ಕೆ ಹೇಗೆ ಬಂದೆವು ಅನ್ನುವುದನ್ನು ಬಿಲ್ ಮೇಲೆ ಒಂದು ಪುಟದಲ್ಲಿ ಬರೆದುಕೊಡುವುದು ನಮ್ಮ ಕೆಲಸವೇ ಅನ್ನುವುದು ನನ್ನ ವಾದ.

ಒಂದು ಉದಾಹರಣೆ ತಗೊಳ್ಳೋಣ. ಪ್ಯಾಕಿಂಗ್‌ನಲ್ಲಿ ನಾಲ್ಕು ಜನ ಹೆಲ್ಪರ್‌ಗಳು. ಬೇಸಿಕ್, ತುಟ್ಟಿಭತ್ಯೆ ಸೇರಿ ತಲಾ ತಿಂಗಳಿಗೆ ₹20,800. ಬೇರೆ ಭತ್ಯೆ ಇಲ್ಲ. ಟೈಮ್‌ಶೀಟ್‌ನಲ್ಲಿ ಅವರ ಓಟಿ 12:30, 9:15, 11:45 ಮತ್ತು 9:00.

ಮೊದಲ ಗಲಾಟೆ ಈ ಗಂಟೆಗಳಲ್ಲೇ. ನಾಲ್ಕನೆಯವರ 9 ಗಂಟೆಯಲ್ಲಿ ಒಂದು ಭಾನುವಾರದ ಎರಡೂವರೆ ಗಂಟೆಗೆ ಶಿಫ್ಟ್ ಸೂಪರ್‌ವೈಸರ್ ಸಹಿ ಇಲ್ಲ. ಸುಮ್ನೆ ಸೇರಿಸಿ ಕಳಿಸಿದರೆ ಆ ಒಂದು ಸಾಲಿಗಾಗಿ ಇಡೀ ಬಿಲ್ ವಾಪಸ್ ಬರುತ್ತದೆ. ಹೇಳದೆ ಬಿಟ್ಟರೆ ಶೀಟಿನ ಮೊತ್ತಕ್ಕೂ ಬಿಲ್‌ಗೂ ತಾಳೆಯಾಗುವುದಿಲ್ಲ. ಹಾಗಾಗಿ ನಾನು ಹೀಗೆ ಬರೆಯುತ್ತೇನೆ: "ಶೀಟಿನಲ್ಲಿರುವುದು 42:30. ಸಹಿ ಇಲ್ಲದ 2:30 ಈ ಬಿಲ್‌ನಲ್ಲಿ ಸೇರಿಲ್ಲ, ಸಹಿ ಆದ ಮೇಲೆ ಮುಂದಿನ ಬಿಲ್‌ನಲ್ಲಿ ಬರುತ್ತದೆ. ಈಗ ಬಿಲ್ ಮಾಡಿರುವುದು 40:00." ಕೆಲಸಗಾರನಿಗೆ ಮಾತ್ರ ಆ ಎರಡೂವರೆ ಗಂಟೆಯ ದುಡ್ಡು ಈ ತಿಂಗಳೇ ಕೊಡಬೇಕು. ದುಡಿದವನು ಅವನು, ಸಹಿ ತಪ್ಪಿಸಿದವರು ಬೇರೆಯವರು ಅಲ್ವಾ?

ಇನ್ನೊಂದು ಸಣ್ಣ ವಿಷಯ. 12:30 ಅಂದರೆ 12.30 ಅಲ್ಲ, 12.5. ನಾಲ್ಕನೆಯವರದು ಈಗ 6:30. ಬಿಲ್ ಮಾಡಿದ ನಾಲ್ಕೂ ಸಾಲನ್ನು ಚುಕ್ಕಿ ಹಾಕಿ ಹಾಗೇ ಕೂಡಿದರೆ 39.20 ಬರುತ್ತದೆ, ಸರಿಯಾದ ಉತ್ತರ 40. ಎಕ್ಸೆಲ್‌ನಲ್ಲಿ ಸಮಯವನ್ನು ನೇರವಾಗಿ ರೇಟಿನಿಂದ ಗುಣಿಸಿದರೂ ಕೆಡುತ್ತದೆ, ಯಾಕೆಂದರೆ ಅದು ಗಂಟೆಯನ್ನು ದಿನದ ಭಾಗವಾಗಿ ಇಟ್ಟುಕೊಂಡಿರುತ್ತದೆ. B2ನಲ್ಲಿ ಓಟಿ ಸಮಯವಿದ್ದರೆ ಮೊದಲು 24ರಿಂದ ಗುಣಿಸಬೇಕು:

```
=B2*24*200
```

ಆ 200 ಎಲ್ಲಿಂದ ಬಂತು ಅನ್ನುವುದೇ ಪುಟದ ಮುಖ್ಯ ಸಾಲು. 20,800ನ್ನು 26 ದಿನಕ್ಕೆ ಭಾಗಿಸಿದರೆ 800. ಅದನ್ನು 8 ಗಂಟೆಗೆ ಭಾಗಿಸಿದರೆ 100. ಓಟಿಗೆ ಇದರ ಎರಡರಷ್ಟು. 1948ರ ಕಾರ್ಖಾನೆ ಕಾಯ್ದೆಯ 59ನೇ ಸೆಕ್ಷನ್ ಹೇಳಿದ್ದು ದುಪ್ಪಟ್ಟು, ಹೊಸ ಕಾರ್ಮಿಕ ಸಂಹಿತೆಯಲ್ಲೂ ದುಪ್ಪಟ್ಟೇ. ಕೆಲವು ಅಕೌಂಟ್ಸ್‌ನವರು 26ರ ಬದಲು 30ರಿಂದ ಭಾಗಿಸುತ್ತಾರೆ. ಆಗ ಗಂಟೆಗೆ ₹173.33 ಬಂದು, 40 ಗಂಟೆಗೆ ₹1,067ರಷ್ಟು ಕಡಿಮೆಯಾಗುತ್ತದೆ. ವಾರದ ರಜೆ ಬಿಟ್ಟು 26 ದಿನ ಅಂತ ಕರಾರಿನಲ್ಲಿದ್ದರೆ ಆ ಕಲಂ ಸಂಖ್ಯೆಯನ್ನು ಇಲ್ಲೇ ಬರೆದುಬಿಡಿ. ಫೋನಿನಲ್ಲಿ ಜಗಳ ಆಡುವುದು ತಪ್ಪುತ್ತದೆ.

ಹೀಗೆ 40 ಗಂಟೆಗೆ ಕೂಲಿ ₹8,000. ಓಟಿ ಮೇಲೆ ಪಿಎಫ್ ಇಲ್ಲ, ಆದರೆ 1948ರ ಇಎಸ್‌ಐ ಕಾಯ್ದೆಯಲ್ಲಿ ಇಎಸ್‌ಐ ಇತ್ತು, ಈ ಉದಾಹರಣೆ ಆ ಲೆಕ್ಕದ್ದು. ಇದನ್ನು ಜಾಸ್ತಿ ಜನ ಉಲ್ಟಾ ಮಾಡುತ್ತಾರೆ. "ಓಟಿ ಸೇರಿ ಸಂಬಳ 21,000 ದಾಟಿತು, ಇನ್ನು ಇಎಸ್‌ಐ ಯಾಕೆ" ಅಂತಲೂ ಕೇಳುತ್ತಾರೆ. ಆ ಕಾಯ್ದೆಯಲ್ಲಿ 21,000ದ ಮಿತಿ ನೋಡುವಾಗ ಓಟಿ ಲೆಕ್ಕಕ್ಕಿರಲಿಲ್ಲ, ವಂತಿಗೆ ಕಟ್ಟುವಾಗ ಮಾತ್ರ ಇತ್ತು. ಮಾಲೀಕರ ಪಾಲು 3.25%, ಅಂದರೆ ₹260. ಕೆಲಸಗಾರರ 0.75% ಅವರ ಕೂಲಿಯಿಂದ ಹಿಡಿಯುವಂಥದ್ದು, ಅದನ್ನು ಬಿಲ್‌ಗೆ ಹಾಕಬಾರದು.

ಸರ್ವಿಸ್ ಚಾರ್ಜ್ 8% ಅನ್ನೋಣ. ಯಾವುದರ ಮೇಲೆ 8% ಅಂತ ಹೇಳಲೇಬೇಕು. ಬರೀ ಕೂಲಿಯ ಮೇಲಾದರೆ ₹640, ಇಎಸ್‌ಐ ಸೇರಿಸಿದರೆ ₹660.80. ವ್ಯತ್ಯಾಸ ಚಿಲ್ಲರೆ, ಆದರೆ ಬಿಲ್ ನಿಲ್ಲಿಸಲು ಅಷ್ಟೇ ಸಾಕು. ನಮ್ಮ ಕರಾರಿನಂತೆ ಬರೀ ಕೂಲಿಯ ಮೇಲೆ ಹಾಕಿದರೆ ಒಟ್ಟು ₹8,900. ಇಡೀ ಮೊತ್ತಕ್ಕೆ ಜಿಎಸ್‌ಟಿ 18%, ₹1,602. ಬಿಲ್ ಮೊತ್ತ ₹10,502.

ಕೊನೆಯಲ್ಲಿ ನಾನು ಇನ್ನೊಂದು ಸಾಲು ಸೇರಿಸುತ್ತೇನೆ, ಇದನ್ನು ಹೆಚ್ಚಿನವರು ಬರೆಯುವುದಿಲ್ಲ. ನಮ್ಮದು ಪಾಲುದಾರಿಕೆ ಸಂಸ್ಥೆ, ಹಾಗಾಗಿ ಟಿಡಿಎಸ್ 2%. ಜಿಎಸ್‌ಟಿಯನ್ನು ಬಿಲ್‌ನಲ್ಲಿ ಬೇರೆಯಾಗಿ ತೋರಿಸಿರುವುದರಿಂದ ಅದು ₹8,900ರ ಮೇಲೆ ಮಾತ್ರ, ₹178. "ಬ್ಯಾಂಕಿಗೆ ಬರಬೇಕಾದದ್ದು ₹10,324" ಅಂತ ಮೊದಲೇ ಬರೆದಿದ್ದರೆ, ಅವರು ₹10,502ರ ಮೇಲೆ ಟಿಡಿಎಸ್ ಹಿಡಿದ ದಿನವೇ ಗೊತ್ತಾಗುತ್ತದೆ, ವರ್ಷದ ಕೊನೆಯವರೆಗೆ ಕಾಯಬೇಕಿಲ್ಲ.